ಆರತಿಯ ಬೆಳಕಿನಲ್ಲಿ ನಾಲ್ಕು ಮುಖ

ಕೈಯಲ್ಲಿ ಹಿಡಿದ ದೀಪದ ಬೆಳಕು ಮುಖಕ್ಕೆ ಕೆಳಗಿನಿಂದ ಬರುತ್ತದೆ. ಇಷ್ಟು ಸಣ್ಣ ಮಾತನ್ನು ಕಂಪ್ಯೂಟರಿಗೆ ತಿಳಿಸಿ ಹೇಳುವುದರಲ್ಲಿ ನನ್ನ ಅರ್ಧ ತಲೆಗೂದಲು ಬೆಳ್ಳಗಾದವು. ಇನ್ನರ್ಧ ಗಿರಾಕಿಗಳಿಂದಾಗಿ ಬೆಳ್ಳಗಾದವು.

ಬನಹಟ್ಟಿಯಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ಮುಂದೆ ಸ್ಟುಡಿಯೋ, ಹಿಂದೆ ಮನೆ. ಅಕ್ಕಪಕ್ಕದಲ್ಲಿ ಮಗ್ಗಗಳು ಖಟಖಟ ಎನ್ನುತ್ತಿರುತ್ತವೆ; ಅವು ನಿಂತರೆ ಮಾತ್ರ ನಮಗೆ ಕಿವಿ ಇವೆ ಎಂದು ಗೊತ್ತಾಗುತ್ತದೆ. ಮದುವೆ, ಸೀಮಂತ ಎಂದು ಹೊರಗೆ ಓಡಾಡಿ ಫೋಟೋ ತೆಗೆಯುವವರು ನಮ್ಮ ಮನೆಯವರು. ಒಳಗೆ ಕುಳಿತು ಅವನ್ನು ತಿದ್ದುವುದು ನನ್ನ ಕೆಲಸ. ಮೊದಲು ಮೊಡವೆ ಅಳಿಸುತ್ತಿದ್ದೆ, ಮುಚ್ಚಿದ ಕಣ್ಣು ತೆರೆಸುತ್ತಿದ್ದೆ. ಈಗ ಎರಡು ಮೂರು ವರ್ಷಗಳಿಂದ ಎಐ ಬಂದಿದೆ. ಜನ ಮೊಬೈಲಿನಲ್ಲಿ ಒಂದೊಂದು ಮುಖ ಹಿಡಿದುಕೊಂಡು ಬರುತ್ತಾರೆ. ಒಬ್ಬರದು ಹೊಲದಲ್ಲಿ ತೆಗೆದದ್ದು, ಒಬ್ಬರದು ಬಸ್ಸಿನಲ್ಲಿ, ಒಬ್ಬರು ಈಗ ಇಲ್ಲವೇ ಇಲ್ಲ. "ಎಲ್ಲಾರನ್ನೂ ಕೂಡಿಸಿ ದೀಪಾವಳಿ ಫೋಟೋ ಮಾಡಿ ಕೊಡ್ರಿ" ಅನ್ನುತ್ತಾರೆ. ಜೀವನದಲ್ಲಿ ಕೂಡಿಸಲಾಗದ್ದನ್ನು ನಾನು ಟೇಬಲ್ಲಿನ ಮೇಲೆ ಕೂಡಿಸಬೇಕು.

ಆ ಯಂತ್ರಕ್ಕೆ ಮುಖಗಳನ್ನು ಕೊಟ್ಟು ಹಬ್ಬದ ಫೋಟೋ ಬೇಕು ಎಂದರೆ ಕಣ್ಣು ಮಿಟುಕಿಸುವುದರೊಳಗೆ ಮಾಡಿ ಕೊಡುತ್ತದೆ. ನೋಡಿದ ಕೂಡಲೆ ಎಲ್ಲರೂ "ಎಪ್ಪಾ, ಎಷ್ಟ ಛಂದ!" ಅನ್ನುತ್ತಾರೆ. ನನಗೆ ಮಾತ್ರ ಮೈ ಉರಿಯುತ್ತದೆ. ಸಾಲಾಗಿ ಹಣತೆಗಳು ಉರಿಯುತ್ತಿರುತ್ತವೆ, ಮುಖಗಳು ನೋಡಿದರೆ ಟ್ಯೂಬ್‌ಲೈಟಿನ ಕೆಳಗೆ ಕುಳಿತ ಹಾಗೆ! ಆ ಹಣತೆಗಳು ಯಾರ ಸಲುವಾಗಿ ಉರಿಯುತ್ತಿವೆಯೋ ಶಿವನೇ ಬಲ್ಲ. ನಾನು ಮೊದಲು ನೋಡುವುದು ಮೂಗಿನ ನೆರಳನ್ನು. ಬಿಸಿಲಿನಲ್ಲಿ ಅದು ಕೆಳಗೆ, ತುಟಿಯ ಮೇಲೆ ಬೀಳುತ್ತದೆ. ಎದೆಮಟ್ಟದ ದೀಪದ ಮುಂದೆ ಅದು ಮೇಲೆ ಏರುತ್ತದೆ. ಗದ್ದದ ಅಡಿ, ಕೆಳತುಟಿ, ಗಲ್ಲ ಬೆಳಗುತ್ತವೆ. ಹಣೆ ನಸುಗತ್ತಲಿಗೆ ಹೋಗುತ್ತದೆ. ಕಣ್ಣುಗುಡ್ಡೆಯ ಕೆಳಭಾಗದಲ್ಲಿ ಸಾಸಿವೆಯಷ್ಟು ಹೊಳಪು ನಿಲ್ಲುತ್ತದೆ. ಇವು ಸರಿಯಾಗಿದ್ದರೆ ಫೋಟೋ ನಿಜ ಅನ್ನಿಸುತ್ತದೆ. ತಪ್ಪಿದ್ದರೆ ಎಲ್ಲಿ ತಪ್ಪಿದೆ ಎಂದು ನೋಡುವವರಿಗೆ ಗೊತ್ತಾಗುವುದಿಲ್ಲ, ಆದರೆ ಎರಡು ದಿನಕ್ಕೆ ಅದನ್ನು ನೋಡುವುದನ್ನೇ ಬಿಡುತ್ತಾರೆ.

ಹೋದ ವರ್ಷ ದೀಪಾವಳಿಗೆ ಇನ್ನೂ ಕೆಲವು ದಿನ ಇದ್ದಾಗ ತೇರದಾಳದಿಂದ ಒಬ್ಬ ಹೆಣ್ಣುಮಗಳು ಬಂದಳು. ನಲವತ್ತರ ಆಸುಪಾಸು. ತಲೆ ಮೇಲೆ ಸೆರಗು, ಕೈಯಲ್ಲಿ ವೈರಿನ ಚೀಲ. ಬಂದವಳು ಕುರ್ಚಿಯ ಅಂಚಿನಲ್ಲಿ ಕುಳಿತು, ಕೆಲಸ ಹೇಳುವ ಮೊದಲೇ, "ಆಗತೈತೋ ಇಲ್ಲೋ ಖರೆ ಹೇಳ್ರಿ ಮೇಡಂ" ಅಂದಳು.

"ಏನಂತ ಮೊದಲ ಹೇಳವಾ. ಆಮ್ಯಾಲ ಆಗೂದು ಹೋಗೂದು" ಅಂದೆ.

ಅವಳ ತವರು ಸಾವಳಗಿ ಕಡೆ. ಒಬ್ಬ ಅಣ್ಣ, ಒಬ್ಬ ತಮ್ಮ, ನಡುವೆ ಇವಳು. ತಾಯಿ ಇರುವವರೆಗೆ ಒಂದೇ ಮನೆ, ಒಂದೇ ಒಲೆ. ತಾಯಿ ಹೋದ ಮೇಲೆ ಇಬ್ಬರೂ ಬೇರೆಯಾದರು. ಹೊಲ ಹಂಚಿಕೊಂಡರು, ಪಡಸಾಲೆಯ ನಟ್ಟನಡುವೆ ಗೋಡೆ ಎಬ್ಬಿಸಿದರು, ಮಾತು ಬಿಟ್ಟರು. ನಮ್ಮ ಕಡೆ ದೀಪಾವಳಿ ಪಾಡ್ಯಕ್ಕೆ ಹೆಣ್ಣುಮಕ್ಕಳು ತವರಿಗೆ ಹೋಗಿ ಅಣ್ಣತಮ್ಮಂದಿರನ್ನು ಮಣೆಯ ಮೇಲೆ ಕೂರಿಸಿ ಆರತಿ ಬೆಳಗುತ್ತಾರೆ. ಇವಳು ಯಾರ ಬಾಗಿಲಿಗೆ ಮೊದಲು ಹೋಗಬೇಕು? ಅಣ್ಣ, "ನಾ ಹಿರ್ಯಾ, ನನಗ ಮೊದಲ" ಅಂದ. ತಮ್ಮ, "ಅವ್ವನ್ನ ಕಡೀತನಕ ನೋಡ್ಕೊಂಡಾಂವ ನಾನು, ನಮ್ಮ ಮನೀನ ತವರು" ಅಂದ. ಒಬ್ಬರ ಮನೆಗೆ ಮೊದಲು ಹೋದರೆ ಇನ್ನೊಬ್ಬರ ಬಾಗಿಲು ಮುಚ್ಚುತ್ತದೆ. ಹೀಗಾಗಿ ಎರಡು ವರ್ಷ ಇವಳು ಯಾರ ಮನೆಗೂ ಹೋಗಿರಲಿಲ್ಲ. ಪಾಡ್ಯದ ದಿನ ಗಂಡನ ಮನೆಯಲ್ಲಿ ನಾದಿನಿಯರು ಬಂದು ತಮ್ಮ ಅಣ್ಣನಿಗೆ ಆರತಿ ಮಾಡುವಾಗ ಇವಳು ಅಡಿಗೆಮನೆಯಲ್ಲಿ ಕಡಬು ಕರಿಯುತ್ತ ಕುಳಿತಿದ್ದಳಂತೆ.

"ತಾಯಿ ಇದ್ದರ ತವರು ಅಂತಾರಲ್ರಿ" ಅಂದಳು. ಅತ್ತಾಳೇನೋ ಅಂದುಕೊಂಡೆ, ಅಳಲಿಲ್ಲ.

ಅವಳ ವಿಚಾರ ಇಷ್ಟು. ಅವ್ವ, ಅಣ್ಣ, ತಮ್ಮ, ತಾನು, ನಾಲ್ಕೂ ಮಂದಿ ಹಬ್ಬದ ದೀಪದ ಮುಂದೆ ಒಟ್ಟಿಗೆ ಇರುವ ಫೋಟೋ ಆಗಬೇಕು. ಒಂದೇ ಫೋಟೋ, ಗಾಜು ಹಾಕಿದ ಎರಡು ಕಟ್ಟು. ಪಾಡ್ಯದ ದಿನ ಅವೆರಡನ್ನೂ ಹಿಡಿದುಕೊಂಡು ಹೋಗುವುದು. ಗೋಡೆಯ ಈ ಕಡೆ ಒಂದು, ಆ ಕಡೆ ಒಂದು. ಅವ್ವನ ಮುಖ ಇರುವ ಫೋಟೋವನ್ನು ಯಾರೂ ಒಲ್ಲೆ ಅನ್ನಲಾರರು. ಇಬ್ಬರೂ ಗೋಡೆಗೆ ಹಾಕಿಕೊಂಡರೆ ಇಬ್ಬರ ಮನೆಯೂ ಮತ್ತೆ ತವರಾಗುತ್ತದೆ. ಒಬ್ಬನಾದರೂ ಒಲ್ಲೆ ಅಂದರೆ ಎರಡೂ ಬಾಗಿಲು ಕಾಯಂ ಬಂದ್.

"ಅವರಿಗೆ ಹೇಳೀಯೇನ?" ಎಂದು ಕೇಳಿದೆ.

"ಹೇಳೇನ್ರಿ. ತಮ್ಮ ಹೂಂ ಅಂದ. ಅಣ್ಣ, 'ತಾ, ನೋಡೂಣು' ಅಂದಾನ್ರಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ನನಗೆ ಅಷ್ಟೇನೂ ನಂಬಿಕೆ ಬರಲಿಲ್ಲ. ಆದರೂ ಹಬ್ಬದ ದಿನಗಳಲ್ಲಿ ಬಂದ ಕೆಲಸವನ್ನು ಬೇಡ ಅನ್ನುವುದು ನಮ್ಮ ಮನೆತನದಲ್ಲೇ ಇಲ್ಲ. ಮಾಡೋಣ ಅಂದೆ.

ಅವಳು ಕೊಟ್ಟ ಮುಖಗಳನ್ನು ನೋಡಿ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅಣ್ಣನದು ಟ್ರ್ಯಾಕ್ಟರ್ ಮೇಲೆ ಕುಳಿತದ್ದು, ನಡುಮಧ್ಯಾಹ್ನದ ಬಿಸಿಲು, ಕಣ್ಣಿನ ಗುಂಡಿಗಳಲ್ಲಿ ಕತ್ತಲು. ತಮ್ಮನದು ಯಾರದೋ ಮದುವೆಯಲ್ಲಿ ಊಟದ ಪಂಕ್ತಿಯದ್ದು, ಎದುರಿನಿಂದಲೇ ಫ್ಲ್ಯಾಷ್ ಹೊಡೆದು ಮುಖ ರೊಟ್ಟಿಯ ಹಾಗೆ ಚಪ್ಪಟೆ. ಇವಳದು ಮೊಬೈಲಿನ ಸೆಲ್ಫಿ, ನೀಲಿ ಬೆಳಕು. ಅವ್ವನದು ತಮ್ಮನ ಲಗ್ನದಲ್ಲಿ ಗುಂಪಿನೊಳಗೆ ಕುಳಿತಿದ್ದು. ದೊಡ್ಡದು ಮಾಡಿದರೆ ಹೆಬ್ಬೆರಳಿನಷ್ಟು ಮುಖ. ಬಾಡಿದ ಗಲ್ಲ, ಮೂಗುತಿ, ಜೋತುಬಿದ್ದ ಕಿವಿ.

ಯಂತ್ರಕ್ಕೆ ಕೊಟ್ಟೆ. ಮೊದಲ ಸಲ ಅದು ಅವ್ವನನ್ನು ಮೂವತ್ತರ ಹೆಂಗಸು ಮಾಡಿತು, ಕಿವಿಯನ್ನು ಮೇಲೆತ್ತಿತು. ಅಣ್ಣನ ಮೀಸೆ ಕತ್ತರಿಸಿ, ಎಲ್ಲರಿಗೂ ಸುಣ್ಣ ಬಳಿದ ಬಣ್ಣ ಕೊಟ್ಟಿತು. ಬೈದುಕೊಳ್ಳುತ್ತ ಮತ್ತೆ ಮತ್ತೆ ಬರೆದೆ: ಮುಖ ಬದಲಿಸಬೇಡ, ಬಣ್ಣ ಬದಲಿಸಬೇಡ, ನಡುವೆ ಒಂದು ದೀಪ, ಅದರದ್ದೇ ಬೆಳಕು, ಬೇರೆ ಬೆಳಕು ಬೇಡ. ಮುಖಗಳು ಅವರವರದೇ ಉಳಿಯಬೇಕು, ಬೆಳಕು ಮಾತ್ರ ದೀಪದ್ದಾಗಬೇಕು. ಮುಖದ ಮೂಲ ಫೋಟೋದಲ್ಲೇ ಬಿಸಿಲಿನ ನೆರಳು ಅಂಟಿಕೊಂಡಿದ್ದರೆ ಅದನ್ನು ಕೆರೆದು ತೆಗೆಯಲು ಹೋಗಿ ಯಂತ್ರ ಮುಖವನ್ನೇ ಕೆರೆಯುತ್ತದೆ. ಕೊನೆಗೆ ಒಂದು ಪರವಾಗಿಲ್ಲ ಅನ್ನುವಂಥದ್ದು ಬಂತು. ಅಣ್ಣ ದೀಪಕ್ಕೆ ಹತ್ತಿರ, ತಮ್ಮ ಅವನ ಹಿಂದೆ. ಹತ್ತಿರದವನ ಮುಖ ಬೆಳಗಿತ್ತು, ಹಿಂದಿನವನದು ಅರ್ಧ ಕತ್ತಲಲ್ಲಿತ್ತು. ದೀಪ ಅಂದ ಮೇಲೆ ಹಾಗೇ ಆಗಬೇಕು. ಒಂದೆರಡು ಮೊಳ ದೂರ ಸರಿದರೆ ಸಾಕು, ಅದರ ಬೆಳಕು ಬಳಲಿ ಬೀಳುತ್ತದೆ. ನನಗೆ ಖುಷಿಯಾಗಿ ವಾಟ್ಸಾಪಿನಲ್ಲಿ ಕಳಿಸಿದೆ. ಅವಳು ಅದನ್ನು ಎರಡೂ ಮನೆಗೆ ಕಳಿಸಿದಳು.

ಅರ್ಧ ತಾಸು ಆಗಿರಲಿಲ್ಲ, ತಮ್ಮನ ಹೆಂಡತಿಯ ಫೋನು ನೇರವಾಗಿ ನನಗೇ ಬಂತು. ನಂಬರು ಫೋಟೋದ ಮೂಲೆಯಲ್ಲಿ ಇತ್ತಲ್ಲ.

"ಏನ್ರಿ ಮೇಡಂ, ನಮ್ಮವರನ್ನ ಕತ್ತಲಾಗ ಇಟ್ಟೀರಿ?"

"ದೀಪದಿಂದ ದೂರ ಅದಾರ್ರಿ ಅವರು. ಬೆಳಕು ಅಷ್ಟ ಬೀಳೂದು."

"ದೂರ ಯಾರು ಇಟ್ಟಾರ? ನೀವ ಇಟ್ಟೀರಿ. ಹೊಲದಾಗೂ ಹಿಂದಿನ ತುಂಡ ನಮಗ, ಫೋಟೋದಾಗೂ ಹಿಂದ ನಾವ!"

ಸಾವಳಗಿಯ ಹೊಲದ ಹಂಚಿಕೆ ನನ್ನ ಕಂಪ್ಯೂಟರಿನೊಳಗೆ ಹೇಗೆ ಬಂತೋ! ಫೋನು ಇಟ್ಟು ಒಂದು ಕಪ್ ಚಹ ಕುಡಿದೆ. ಸಿಟ್ಟು ಇಳಿಯಲಿಲ್ಲ, ಆದರೆ ಉಪಾಯ ಹೊಳೆಯಿತು. ಎಲ್ಲರಿಗೂ ಸಮ ಬೆಳಕು ಬೇಕು ತಾನೆ? ಒಬ್ಬೊಬ್ಬರ ಮುಂದೆ ಒಂದೊಂದು ದೀಪ ಇಟ್ಟರಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾಲ್ವರನ್ನೂ ಸಾಲಾಗಿ ಕೂರಿಸಿ ಪ್ರತಿಯೊಬ್ಬರ ಎದೆಯ ಮುಂದೆ ಒಂದು ಹಿತ್ತಾಳೆಯ ದೀಪದ ಸಮೆ ಇಡಿಸಿದೆ. ಬೆಳಕು ಅಚ್ಚುಕಟ್ಟಾಗಿ ಬಿತ್ತು, ಮೂಗಿನ ನೆರಳು ಮೇಲೇರಿತು. ನಮ್ಮ ಮನೆಯವರೂ ಇಣುಕಿ ನೋಡಿ ಭೇಷ್ ಅಂದರು. ಕಳಿಸಿದೆ.

ಈ ಸಲ ಅಣ್ಣನ ಫೋನು. ಗಟ್ಟಿ ದನಿ. ಹೊಲದಲ್ಲಿ ಪಂಪಿನ ಸದ್ದು ಕೇಳುತ್ತಿತ್ತು.

"ಬಾಯಾರ, ನಾ ಇನ್ನೂ ಅದೇನಿ."

"ಏನ್ರಿ?"

"ಜೀವಂತ ಅದೇನಿ ಅಂತ ಹೇಳಾಕತ್ತೇನ್ರಿ. ಮಾರಿ ಮುಂದ ಒಂಟಿ ದೀಪಾ ಯಾರಿಗೆ ಇಡ್ತಾರ? ನಮ್ಮವ್ವನ ಫೋಟೋಕ್ಕ ಇಡ್ತೇವಿ. ನೀವು ನಮ್ಮ ಮನಿ ಪೂರ್ತಿ ಸಾಲಾಗಿ ಗೋಡೆಗೆ ಹಾಕೀರಲ್ಲ!"

ಫೋಟೋವನ್ನು ಮತ್ತೆ ತೆಗೆದು ನೋಡಿದೆ. ಅಯ್ಯ ಶಿವನೇ! ಹೌದು. ನಾಲ್ಕು ಮುಖ, ನಾಲ್ಕರ ಮುಂದೆ ಒಂದೊಂದು ದೀಪ; ಕೊರಳಿಗೆ ಮಾಲೆ ಹಾಕುವುದೊಂದು ಬಾಕಿ. ಇಷ್ಟು ವರ್ಷ ಸತ್ತವರ ಫೋಟೋಗಳನ್ನು ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಟ್ಟ ನನ್ನ ಕಣ್ಣಿಗೇ ಅದು ಬೀಳಲಿಲ್ಲ. ಮೂಗಿನ ನೆರಳು ನೋಡುವುದರಲ್ಲಿ ಮುಳುಗಿದ್ದೆ. ನಗುವೂ ಬಂತು, ನಾಚಿಕೆಯೂ ಆಯಿತು. ಬೇರೆ ಊರಿನವರು ಯಾರಾದರೂ ನೋಡಿದ್ದರೆ ಅದನ್ನು ಹಬ್ಬದ ಫೋಟೋ ಅಂತಲೇ ಅನ್ನುತ್ತಿದ್ದರೋ ಏನೋ.

ಮರುದಿನ ತೇರದಾಳದವಳು ಮತ್ತೆ ಬಸ್ಸು ಹತ್ತಿ ಬಂದಳು. ಮುಖ ಬತ್ತಿ ಹೋಗಿತ್ತು. ಅಣ್ಣ ಅವಳಿಗೂ ಫೋನು ಮಾಡಿ, "ಫೋಟೋ ಗೀಟೋ ಬ್ಯಾಡ, ಸುಮ್ನಿರು" ಅಂದಿದ್ದನಂತೆ.

"ಬಿಟ್ಟ ಬಿಡ್ರಿ ಮೇಡಂ. ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತಾರ. ಸುಳ್ಳಲ್ಲ ಅದು."

ಬಿಡುವುದು ನನಗೆ ಆಗದ ಕೆಲಸ. ಅವಳ ಸಲುವಾಗಿ ಅಂತ ಹೇಳಿದರೆ ಸುಳ್ಳಾದೀತು. ಕೆಲಸ ಕೆಟ್ಟಿತ್ತು, ಅದು ನನಗೆ ಚುಚ್ಚುತ್ತಿತ್ತು. "ಪಾಡ್ಯದ ದಿನ ನಿಮ್ಮ ಮನ್ಯಾಗ ದೀಪಾ ಎಲ್ಲಿರ್ತಿತ್ತು?" ಎಂದು ಕೇಳಿದೆ.

"ನನ್ನ ಕೈಯಾಗರಿ. ಆರತಿ ತಾಟಿನ್ಯಾಗ."

ಅಷ್ಟೇ ಸಾಕಾಯಿತು. ನಡುವೆ ಇವಳು, ಕೈಯಲ್ಲಿ ಆರತಿ. ಬಲಕ್ಕೆ ಅಣ್ಣ, ಎಡಕ್ಕೆ ತಮ್ಮ, ಇಬ್ಬರೂ ತಟ್ಟೆಯಿಂದ ಒಂದೇ ದೂರ, ಇಬ್ಬರಿಗೂ ಅದೇ ಬೆಳಕು. ಅವ್ವ ಇವಳ ಹಿಂದೆ, ಸ್ವಲ್ಪ ಎತ್ತರದಲ್ಲಿ. ಅವಳ ಮುಖ ಕೊಂಚ ಮಸುಕಾದರೆ ಯಾರೂ ಜಗಳ ತೆಗೆಯಲಾರರು. ದೀಪ ಯಾರ ಮುಂದೆಯೂ ಇಟ್ಟದ್ದಲ್ಲ, ಎತ್ತಿದ್ದು. ಆದರೆ ಬಿಸಿಲಿನ ಮುಖ, ಫ್ಲ್ಯಾಷಿನ ಮುಖ ಇಟ್ಟುಕೊಂಡು ಇನ್ನು ನಾನು ಕುಸ್ತಿ ಆಡುವವಳಲ್ಲ. ಮುಖಗಳನ್ನೇ ದೀಪದ ಬೆಳಕಿನಲ್ಲಿ ಹೊಸದಾಗಿ ತೆಗೆಯಬೇಕು. ಹಾಗೆ ತೆಗೆದದ್ದನ್ನು ಕೊಟ್ಟರೆ ಯಂತ್ರಕ್ಕೆ ಬೆಳಕನ್ನು ಊಹಿಸುವ ಕೆಲಸ ಇರುವುದಿಲ್ಲ, ಮುಖಕ್ಕೆ ಕೈ ಹಚ್ಚುವುದಿಲ್ಲ.

"ಇಬ್ಬರನ್ನೂ ಇಲ್ಲಿಗೆ ಕರಿ" ಅಂದೆ.

"ಒಮ್ಮಿಗೇ ಬರೂದಿಲ್ರಿ ಅವರು."

"ಒಮ್ಮಿಗೇ ಬರೂದು ನನಗ ಬ್ಯಾಡ. ಒಬ್ಬೊಬ್ರ ಬರ್ಲಿ. ನೀನು ಮಾತ್ರ ಎರಡೂ ಸಲ ಇರಬೇಕು, ತಾಟು ನಿನ್ನ ಕೈಯಾಗ ಇರಬೇಕು. ನಿನ್ನ ಕೈ ಎಷ್ಟ ಎತ್ತರಕ್ಕ ಇರತೈತೋ ಅಲ್ಲಿಂದನ ಬೆಳಕು."

ಅಣ್ಣನಿಗೆ ನಾನೇ ಫೋನು ಮಾಡಿದೆ. ನಿಮ್ಮ ಮುಂದೆ ದೀಪ ಇಡುವುದಿಲ್ಲ, ತಂಗಿ ಕೈಯಲ್ಲಿ ಹಿಡಿಯುತ್ತಾಳೆ ಅಂದೆ. ಅದನ್ನು ಮತ್ತೊಮ್ಮೆ ಹೇಳಿಸಿಕೊಂಡು, "ಬರ್ತೇನಿ" ಅಂದ.

ಎರಡು ದಿನ ಬಿಟ್ಟು ಮಧ್ಯಾಹ್ನ ಬಂದ. ದಪ್ಪ ಮೀಸೆ, ಬಿಳಿ ಅಂಗಿ, ಕಾಲರಿನಲ್ಲಿ ಕರವಸ್ತ್ರ. ಅಣ್ಣತಂಗಿ ಒಬ್ಬರನ್ನೊಬ್ಬರು ನೋಡಿ "ಆರಾಮೇನ?" "ಆರಾಮಣ್ಣಾ" ಅಂದುಕೊಂಡರು, ಅಷ್ಟೇ. ನಾನು ಬಾಗಿಲಿಗೆ ಕಪ್ಪು ಪರದೆ ಎಳೆದೆ, ಟ್ಯೂಬ್‌ಲೈಟ್ ಆರಿಸಿದೆ, ಜ್ವಾಲೆ ಅಲುಗದಿರಲಿ ಎಂದು ಫ್ಯಾನೂ ಬಂದ್ ಮಾಡಿದೆ. ಒಂದೇ ಬತ್ತಿಯ ಬೆಳಕು ಕ್ಯಾಮೆರಾಕ್ಕೆ ಸಾಲದು, ಅದಕ್ಕೇ ತಟ್ಟೆಯಲ್ಲಿ ಐದು ದೀಪ ಹಚ್ಚಿಸಿದೆ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಬಣ್ಣ ಹಿಡಿಯುವ ಲೆಕ್ಕವನ್ನು ಅದರ ಸ್ವಂತ ಬುದ್ಧಿಗೆ ಬಿಡದೆ ನಾನೇ ಇಟ್ಟೆ. ಬಿಟ್ಟರೆ ಅದು ಇದ್ದ ಹಳದಿಯನ್ನೆಲ್ಲ ತೊಳೆದು ಬೆಳ್ಳಗೆ ಮಾಡಿಬಿಡುತ್ತದೆ. ಅಣ್ಣನನ್ನು ಸ್ಟೂಲಿನ ಮೇಲೆ ಕೂರಿಸಿ, ತಂಗಿಯನ್ನು ಅವನ ಮುಂದೆ ಸ್ವಲ್ಪ ಎಡಕ್ಕೆ ನಿಲ್ಲಿಸಿದೆ.

"ತಡೀರಿ" ಅಂದ ಅವನು. ಕಾಲರಿನ ಕರವಸ್ತ್ರ ತೆಗೆದು, ನಾಲ್ಕು ಮಡಿಕೆ ಮಾಡಿ ತಲೆಯ ಮೇಲೆ ಇಟ್ಟುಕೊಂಡ.

"ಅದು ಬ್ಯಾಡ್ರಿ, ಫೋಟೋದಾಗ ಛಂದ ಕಾಣೂದಿಲ್ಲ."

"ಬರೇ ತಲಿಗೆ ಆರತಿ ಮಾಡಿಸ್ಕೋಬಾರದ್ರಿ ಬಾಯಾರ" ಅಂದ, ಶಾಲೆ ಹುಡುಗರಿಗೆ ಹೇಳುವ ಹಾಗೆ.

ಇದು ಆರತಿ ಅಲ್ಲ, ಬರೀ ಬೆಳಕು ಅಂತ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ತಂಗಿ ತಟ್ಟೆ ಎತ್ತಿದಳು. ಮೊದಲನೇ ಫೋಟೋ ತೆಗೆದೆ, ಮಸುಕು. ಎರಡನೆಯದೂ ಮಸುಕು. ನೋಡಿದರೆ ಇವಳ ಕೈ ತಿರುಗುತ್ತಿದೆ! ತಟ್ಟೆಯನ್ನು ಅವನ ಮುಖದ ಮುಂದೆ ಬಲಕ್ಕೆ ಸುತ್ತಿಸುತ್ತಿದ್ದಾಳೆ.

"ತಿರಗಸಬ್ಯಾಡವಾ! ಗಟ್ಟಿ ಹಿಡಿ. ಅಲಗಿದ್ರ ಎಲ್ಲಾ ಹಾಳಾಗತೈತಿ" ಎಂದು ಗದರಿದೆ.

"ಇಲ್ರಿ, ಹಿಡೀತೇನಿ" ಅಂದಳು. ಮತ್ತೆ ಕೈ ಸುತ್ತಿತು. ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಕೊನೆಗೆ ನಾನೇ ಅಂದೆ, "ಆತು, ಮೊದಲ ಆರತಿ ಮಾಡಿ ಮುಗಿಸ್ರಿ. ಆಮ್ಯಾಲ ಫೋಟೋ." ಅವಳು ಬೆಳಗಿದಳು. ಅವನು ಅಂಗೈಯನ್ನು ಜ್ವಾಲೆಯ ಮೇಲೆ ಹಿಡಿದು ಕಣ್ಣಿಗೆ ಒತ್ತಿಕೊಂಡ. ಫ್ಯಾನಿಲ್ಲದ ಕೋಣೆಯಲ್ಲಿ ಇಬ್ಬರಿಗೂ ಬೆವರು ಇಳಿಯುತ್ತಿತ್ತು, ಅವಳ ಗಲ್ಲದ ಮೇಲಿನದ್ದು ಬೆವರಲ್ಲ. ಆಮೇಲೆ ಕೈ ನಿಂತಿತು. ನನಗೆ ಬೇಕಾದ ಮುಖ ಸಿಕ್ಕಿತು: ಗದ್ದದಿಂದ ಏರಿದ ಹಳದಿ, ಮೀಸೆಯ ಕೆಳಗಿನ ಕೂದಲುಗಳೂ ಬಿಡಿಬಿಡಿ, ಕಣ್ಣಿನಲ್ಲಿ ಐದು ಸಣ್ಣ ಚುಕ್ಕೆ.

ಮರುದಿನ ತಮ್ಮ ಬಂದ. ಅಣ್ಣ ಬಂದು ಹೋದದ್ದು ಅವನಿಗೆ ಗೊತ್ತಾಗಿತ್ತು. "ಅವರಿಗೆ ಮೊದಲ ಮಾಡಿದಿ, ಅಲ್ಲಕ್ಕಾ?" ಅಂದ. ನಾನು ಕ್ಯಾಮೆರಾ ಹಿಂದಿನಿಂದಲೇ, "ನೀ ಅಡ್ಡಬಿದ್ದು ಕೇಳಿದ್ರೂ ನಿನ್ನ ಮೊದಲ ಕರಿತಿದ್ದಿಲ್ಲಪಾ, ಬಲಗಡೆ ಬೆಳಕು ಮೊದಲ ತಗಿಬೇಕಾಗಿತ್ತು" ಅಂದೆ. ಹಸಿ ಸುಳ್ಳು. ಅವನು ನಂಬಿದ. ಇವನ ಫೋಟೋಕ್ಕೆ ಅಕ್ಕನನ್ನು ಇನ್ನೊಂದು ಮಗ್ಗುಲಿಗೆ ನಿಲ್ಲಿಸಿದೆ. ಚಿತ್ರದಲ್ಲಿ ತಟ್ಟೆ ಇಬ್ಬರ ನಡುವೆ ಇರಬೇಕಾದರೆ ಒಬ್ಬನಿಗೆ ಎಡಗಡೆಯಿಂದ, ಒಬ್ಬನಿಗೆ ಬಲಗಡೆಯಿಂದ ಬೆಳಕು ಬರಬೇಕು. ಆರತಿಯನ್ನೂ ಮೊದಲೇ ಮುಗಿಸಿಕೊಳ್ಳಿ ಅಂದೆ. ಅವನೂ ತಲೆಗೆ ಕರವಸ್ತ್ರ ಹಾಕಿಕೊಂಡ. ಅವನು ಹೋದ ಮೇಲೆ ತಟ್ಟೆ ಹಿಡಿದ ಇವಳ ಮುಖವನ್ನೂ ಅದೇ ಬೆಳಕಿನಲ್ಲಿ ತೆಗೆದೆ.

ಅವ್ವನ ಮುಖ ಉಳಿಯಿತು. ಅವಳನ್ನು ಕರೆತಂದು ಕೂರಿಸುವ ಹಾಗಿಲ್ಲ, ಯಂತ್ರದ ಕೈಗೆ ಕೊಟ್ಟರೆ ಮತ್ತೆ ಮೂವತ್ತರ ಹೆಂಗಸು ಮಾಡುತ್ತದೆ. ಕೈಯಿಂದಲೇ ಮಾಡಿದೆ. ಲಗ್ನದ ಗುಂಪಿನಲ್ಲಿದ್ದ ಆ ಮುಖವನ್ನು ಮೊದಲು ಪೂರ್ತಿ ಕಪ್ಪಿಗೆ ಇಳಿಸಿ, ಗದ್ದದಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪ ಹಳದಿ ಏರಿಸುತ್ತ ಹೋದೆ. ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯದಾದಾಗ ದೊಡ್ಡ ಮಗನ ಮುಖವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಅದೇ ಗಲ್ಲದ ಎಲುಬು, ಅದೇ ಹಣೆ. ಅವನ ಮುಖದಲ್ಲಿ ಬೆಳಕು ಎಲ್ಲಿ ನಿಂತಿತ್ತೋ ಅವ್ವನ ಮುಖದಲ್ಲೂ ಅಲ್ಲೇ ನಿಲ್ಲಿಸಿದೆ. ಚಿಕ್ಕ ಮಗನದನ್ನು ಇಟ್ಟು ನೋಡಿದರೂ ಅದೇ ಲೆಕ್ಕ ಬಂತು. ಕಿವಿ ಜೋತುಬಿದ್ದ ಹಾಗೇ ಉಳಿಸಿದೆ.

ಫೋಟೋ ಚೆನ್ನಾಗಿ ಬಂತು. ನನ್ನ ಕೆಲಸದ ಬಗ್ಗೆ ನಾನೇ ಹೀಗೆ ಅನ್ನುವುದು ಅಪರೂಪ. ಈ ಸಲ ಯಾವ ಮನೆಯಿಂದಲೂ ಫೋನು ಬರಲಿಲ್ಲ. ತೇರದಾಳದವಳು ಎರಡು ಕಟ್ಟುಗಳನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು, "ಪಾಡ್ಯಕ್ಕ ಹೊಂಟೇನ್ರಿ ಮೇಡಂ" ಎಂದು ಹೋದಳು. ಅವಳ ಮುಖ ನೋಡಿ ನನಗೂ ಸಂತೋಷವಾಯಿತು.

ಹಬ್ಬ ಮುಗಿದ ವಾರದಲ್ಲಿ ಸಂತೆಗೆಂದು ಬಂದವಳು ಸ್ಟುಡಿಯೋಕ್ಕೂ ಬಂದಳು. ಇಬ್ಬರೂ ಫೋಟೋ ತೆಗೆದುಕೊಂಡರಂತೆ. ಇಬ್ಬರೂ ಗೋಡೆಗೆ ಹಾಕಿದ್ದಾರಂತೆ, ಮೊಳೆ ಹೊಡೆಯುವಾಗ ಇವಳು ನಿಂತೇ ಇದ್ದಳಂತೆ.

"ಮತ್ತ? ಆರತಿ?" ಅಂದೆ.

"ಬೆಳಗೂಣಂತ ತಾಟು ತಗದೇರಿ. ಅಣ್ಣ, 'ಈ ವರ್ಷದ್ದು ಆಗೇತಲ್ಲವಾ, ಬನಹಟ್ಟ್ಯಾಗ' ಅಂದ. ತಮ್ಮನೂ ಅದನ ಅಂದ. ಅಣ್ಣನ ಹೇಣ್ತಿ, ನಮ್ಮ ವೈನಿ, ಚಹ ಕೊಟ್ರು. ತಮ್ಮನ ಹೇಣ್ತಿನೂ ಕೊಟ್ಲು. ಯಾರೂ ಇರು ಅನ್ಲಿಲ್ರಿ. ಉಡಿ ತುಂಬೂದು ವೈನಿ ಮೊದಲೋ ಆಕಿ ಮೊದಲೋ ಅಂತ ಒಬ್ರನ್ನೊಬ್ರು ಕಾದ್ರು. ಬರಿ ಉಡೀಲೇ ಸಂಜಿ ಬಸ್ಸಿಗೆ ತಿರಗಿ ಬಂದೆ."

ಅಣ್ಣತಮ್ಮಂದಿರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಲ್ಲ, ಫೋಟೋದಲ್ಲಿ ತಮ್ಮ ನಡುವೆ ನಿಲ್ಲಿಸಿಕೊಂಡ ಹೆಣ್ಣುಮಗಳನ್ನು ಬಾಗಿಲಿಂದ ಹಾಗೇ ಕಳಿಸುತ್ತಾರೇನು? ಗೋಡೆಯ ಮೇಲೆ ಅವಳು ದಿನಾ ಆರತಿ ಹಿಡಿದು ನಿಂತಿದ್ದಾಳೆ, ಇನ್ನು ಅವಳು ಬಂದರೇನು ಬಿಟ್ಟರೇನು ಅಂದುಕೊಂಡರೋ ಏನೋ. ಬಾಯಿಗೆ ಬಂದದ್ದನ್ನು ಅಂದೆ. ಅವಳು, "ಹಂಗ ಅನಬ್ಯಾಡ್ರಿ ನಮ್ಮ ಅಣ್ಣತಮ್ಮರಿಗೆ" ಅಂದಳು.

ಈ ವರ್ಷ ಅಮಾವಾಸ್ಯೆಯ ದಿನ ಲಕ್ಷ್ಮೀಪೂಜೆಯ ಗಡಿಬಿಡಿಯಲ್ಲಿದ್ದಾಗ ಅವಳ ಫೋನು ಬಂತು.

"ಮೇಡಂ, ನಾಳೆ ಪಾಡ್ಯಕ್ಕ ನಿಮ್ಮ ಸ್ಟುಡಿಯೋ ತಗೀತೀರೇನ್ರಿ?"

"ಪಾಡ್ಯದ ದಿನ ಯಾರ ಬರ್ತಾರವಾ ಫೋಟೋಕ್ಕ?"

"ಫೋಟೋಕ್ಕಲ್ರಿ. ಅಣ್ಣ, ತಮ್ಮ ಇಬ್ರೂ ಅಲ್ಲೇ ಬರ್ತೇವಿ ಅಂದಾರ. ಬ್ಯಾರೆ ಬ್ಯಾರೆ ಹೊತ್ತಿಗೆ. ಅದು ಯಾರ ಮನೀನೂ ಅಲ್ಲಲ್ರಿ, ಯಾರು ಮೊದಲು ಅಂಬೂದು ಬರೂದಿಲ್ಲ."

ತೆಗೆದೆ. ಮೊದಲು ಅಣ್ಣ ಬಂದು ಹೋದ, ಆಮೇಲೆ ತಮ್ಮ. ಯಾರೂ ಕ್ಯಾಮೆರಾದ ಕಡೆ ನೋಡಲಿಲ್ಲ, ನಾನೂ ಮುಟ್ಟಲಿಲ್ಲ. ಇಬ್ಬರೂ ತಟ್ಟೆಗೆ ನೋಟು ಹಾಕಿದರು, ಇಬ್ಬರೂ ಅವಳ ಮಕ್ಕಳನ್ನು ವಿಚಾರಿಸಿದರು. ತಮ್ಮನ ಮೋಟರ್‌ಸೈಕಲ್ ಸದ್ದು ದೂರವಾದ ಮೇಲೆ ಅವಳು ದೀಪ ಶಾಂತ ಮಾಡಿ, ತಟ್ಟೆ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಹೊರಡುತ್ತೇನೆ ಅಂದಳು. ಹೊರಡಲಿಲ್ಲ. ಬಾಗಿಲಿನ ತನಕ ಹೋಗಿ ಚೀಲದ ಹಿಡಿಕೆಯನ್ನು ಸರಿಮಾಡುತ್ತ ನಿಂತಳು.

ನನಗೆ ಆಗ ಹೊಳೆಯಿತು. ಹಬ್ಬಕ್ಕೆ ತವರಿಗೆ ಬಂದ ಹೆಣ್ಣುಮಗಳು ಬರಿ ಉಡಿಯಲ್ಲಿ ಹೊಸ್ತಿಲು ದಾಟುವುದಿಲ್ಲ.

"ನಿಂದ್ರು" ಎಂದು ಒಳಗೆ ಮನೆಗೆ ಹೋದೆ. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ನಾನು ಕುಪ್ಪಸಕ್ಕೆಂದು ಇಟ್ಟುಕೊಂಡಿದ್ದ ಒಂದು ಖಣ ತಂದೆ. ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂರಿಸಿ ಅರಿಷಿಣ ಕುಂಕುಮ ಹಚ್ಚಿ ಉಡಿ ತುಂಬಿದೆ. ಅವಳು ಸೆರಗು ಕಟ್ಟಿಕೊಂಡು ನನ್ನ ಕಾಲಿಗೆ ಬಗ್ಗಿದಳು. ಬಸ್ಸಿಗೆ ಹೊತ್ತಾಗಿತ್ತು. ಮೆಟ್ಟಿಲು ಇಳಿದವಳು ತಿರುಗಿ ನಿಂತು, ಮೇಡಂ ಅನ್ನಲಿಲ್ಲ.

"ಬರ್ತೇನ್ರಿ, ವೈನಿ" ಅಂದಳು.